ಮೂಗಿನಿಂದ ರಕ್ತ ಬಂದಾಗ ಎಲ್ಲಿ ಹಿಡಿಯಬೇಕು? ಮೇಲೆ ಗಟ್ಟಿ ಇರುವ ಕಡೆಯೋ, ಕೆಳಗೆ ಮೆತ್ತಗಿರುವ ಕಡೆಯೋ?

ಸಪ್ತಾಪುರದ ಅಪ್ಪ
ಮೊನ್ನೆ ರವಿವಾರ ಮಧ್ಯಾಹ್ನ ಊಟ ಮುಗಿಸಿ ಎಲ್ಲರೂ ಅಡ್ಡಾಗಿದ್ದೆವು. ಒಂಬತ್ತು ವರ್ಷದ ಮಗ ಬಂದು "ಪಪ್ಪಾ, ಮೂಗು ಸೋರಾಕತ್ತೇತಿ" ಎಂದ. ನೆಗಡಿ ಇರಬೇಕು ಎಂದು ನೋಡಿದರೆ ಬನಿಯನ್ ಎದೆ ಮೇಲೆಲ್ಲಾ ಕೆಂಪು. ಎಡಗಡೆ ಹೊಳ್ಳೆಯಿಂದ ತೊಟ್ಟಿಕ್ಕುತ್ತಿತ್ತು.

ನಾನು ಏನು ಮಾಡಿದೆ ಎಂದರೆ, ಅವನ ತಲೆ ಹಿಂದಕ್ಕೆ ಎತ್ತಿಸಿದೆ. ಕನ್ನಡಕ ಕೂಡುವ ಜಾಗ ಇದೆಯಲ್ಲ, ಎರಡು ಕಣ್ಣಿನ ನಡುವೆ, ಅಲ್ಲಿ ಜೋರಾಗಿ ಒತ್ತಿದೆ. ನಮ್ಮವ್ವ ಒಂದು ತಂಬಿಗೆ ತಣ್ಣೀರು ತಂದು ನೆತ್ತಿ ಮೇಲೆ ಸುರಿದಳು. ನಿಮಿಷಕ್ಕೊಮ್ಮೆ ಕೈ ಬಿಟ್ಟು ನಿಂತಿತಾ ಅಂತ ನೋಡುವುದು, ಮತ್ತೆ ಒತ್ತುವುದು. ಹತ್ತು ನಿಮಿಷಕ್ಕೆ ಹೊರಗೆ ಬರುವುದು ಕಮ್ಮಿ ಆದ ಹಾಗೆ ಕಂಡಿತು. ಅಷ್ಟರಲ್ಲಿ ವಾಂತಿ ಆಯಿತು, ಅದರ ತುಂಬಾ ಕಪ್ಪು ಕೆಂಪು ರಕ್ತ. ಹೆಂಡತಿ ಅಳಲು ಶುರು ಮಾಡಿದಳು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಓಡಿದೆವು.

ಅಲ್ಲಿ ಇದ್ದ ಸಿಸ್ಟರ್ ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗಿ. ಇಂಜೆಕ್ಷನ್ ಇಲ್ಲ, ಗುಳಿಗೆ ಇಲ್ಲ. ನನ್ನ ಕೈ ತೆಗೆದು, ಮೂಗಿನ ಕೆಳಗಿನ ಮೆತ್ತನೆ ಭಾಗ ಎರಡೂ ಕಡೆಯಿಂದ ಹಿಡಿದು, ಹುಡುಗನ ತಲೆ ಮುಂದಕ್ಕೆ ಬಗ್ಗಿಸಿ, ಗೋಡೆ ಗಡಿಯಾರ ನೋಡುತ್ತಾ ನಿಂತಳು. ಹತ್ತು ನಿಮಿಷಕ್ಕೆ ನಿಂತೇ ಹೋಯಿತು.

ನನ್ನ ಪ್ರಶ್ನೆ ಇಷ್ಟೇ. ಎರಡೂ ಮೂಗೇ ಅಲ್ವಾ? ಒಂದಿಷ್ಟು ಕೆಳಗೆ ಹಿಡಿದರೆ ಇಷ್ಟು ಫರಕು ಹೇಗೆ? ಮತ್ತೆ ಆ ವಾಂತಿ ಯಾಕೆ ಆಯಿತು? ಯಾವಾಗ ಮನೆಯಲ್ಲೇ ಕೂಡಬೇಕು, ಯಾವಾಗ ಓಡಬೇಕು?

ಹಾವೇರಿ ಹುಡುಗ
ಉಷ್ಣ ರೀ, ಉಷ್ಣ. ಈ ಬಿಸಿಲಿಗೆ ಇನ್ನೇನಾಗುತ್ತದೆ. ಉಳ್ಳಾಗಡ್ಡಿ ಜಜ್ಜಿ ಮೂಸಿಸಿ, ಐದು ನಿಮಿಷದಲ್ಲಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಇದೇ.

ಗದಗ ಪಿ.ಟಿ. ಮೇಷ್ಟ್ರು
ಹದಿನಾಲ್ಕು ವರ್ಷದಿಂದ ಮಕ್ಕಳನ್ನು ಮೈದಾನದಲ್ಲಿ ಆಡಿಸುತ್ತಿದ್ದೇನೆ. ಕಬಡ್ಡಿಯಲ್ಲಿ ಮೊಣಕೈ ಬಡಿದು ಮೂಗಿನಿಂದ ರಕ್ತ ಬರುವುದು ತಿಂಗಳಿಗೊಮ್ಮೆ ಇದ್ದದ್ದೇ. ಒತ್ತಿ ಹಿಡಿಯಬೇಕು ಎನ್ನುವುದು ಸರಿ, ಆದರೆ ಎಲ್ಲಿ ಒತ್ತಿದರೂ ನಡೆಯುತ್ತದೆ. ತಲೆ ಮೇಲೆ ಮಾಡಿಸಿ, ಹತ್ತಿ ತುರುಕಿ, ಅಂಗಳದ ನೆರಳಲ್ಲಿ ಮಲಗಿಸುತ್ತೇನೆ. ಇಲ್ಲಿವರೆಗೆ ಯಾರಿಗೂ ಏನೂ ಆಗಿಲ್ಲ.

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ಇಪ್ಪತ್ತಾರು ವರ್ಷ ಕಿವಿ-ಮೂಗು-ಗಂಟಲು ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ, ಆಮೇಲೆ ಸ್ವಲ್ಪ ದಿನ ಕ್ಯಾಜುವಾಲಿಟಿಯಲ್ಲಿ. ಅದಕ್ಕೇ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಮೇಷ್ಟ್ರೇ, ಬೇಜಾರು ಮಾಡಿಕೊಳ್ಳಬೇಡಿ. "ಎಲ್ಲಿ ಒತ್ತಿದರೂ ನಡೆಯುತ್ತದೆ" ಎನ್ನುವಲ್ಲೇ ತಪ್ಪಿರುವುದು. ನಿಮ್ಮ ಮೂಗನ್ನೇ ಈಗ ಮುಟ್ಟಿ ನೋಡಿ. ಹುಬ್ಬಿನ ನಡುವಿನಿಂದ ಬೆರಳು ಕೆಳಗೆ ಜಾರಿಸಿ. ಮೇಲೆ ಕಲ್ಲಿನ ಹಾಗೆ ಗಟ್ಟಿ, ಅದು ಎಲುಬು. ಅರ್ಧ ದಾರಿಯಲ್ಲಿ ಎಲುಬು ಮುಗಿದು ಮೆತ್ತಗಾಗುತ್ತದೆ. ಎಲುಬಿನ ಮೇಲೆ ನೀವು ಎಷ್ಟು ಒತ್ತಿದರೂ ಒಳಗಿನ ರಕ್ತನಾಳಕ್ಕೆ ಒಂದಿಷ್ಟೂ ಒತ್ತಡ ತಗಲುವುದಿಲ್ಲ. ಕಬ್ಬಿಣದ ನಲ್ಲಿಯನ್ನು ಬೆರಳಿಂದ ಹಿಸುಕಿದ ಹಾಗೆ. ರಬ್ಬರ್ ಪೈಪು ಹಿಸುಕಿದರೆ ನೀರು ನಿಲ್ಲುತ್ತದಲ್ವಾ, ಮೂಗಿನ ರಬ್ಬರ್ ಪೈಪು ಇರುವುದು ಕೆಳಗೆ.

ಇನ್ನೊಂದು ಕಾರಣ ಇದೆ, ಅದೇ ಮುಖ್ಯ. ಎರಡು ಹೊಳ್ಳೆಯ ನಡುವೆ ಒಂದು ಗೋಡೆ ಇದೆ. ಆ ಗೋಡೆಯ ಮುಂದಿನ ಕೆಳ ಭಾಗದಲ್ಲಿ ನಾಲ್ಕೈದು ಕಡೆಯಿಂದ ಬರುವ ಸಣ್ಣ ರಕ್ತನಾಳಗಳು ಕೂಡುತ್ತವೆ. ಚೆನ್ನಮ್ಮ ಸರ್ಕಲ್‌ನಲ್ಲಿ ರಸ್ತೆ ಕೂಡಿದ ಹಾಗೆ. ಡಾಕ್ಟರುಗಳು ಅದನ್ನು ಲಿಟಲ್ಸ್ ಏರಿಯಾ ಎನ್ನುತ್ತಾರೆ. ಅಲ್ಲಿ ಚರ್ಮ ತುಂಬಾ ತೆಳು, ಒಣ ಗಾಳಿ ನೇರವಾಗಿ ಬಡಿಯುತ್ತದೆ, ಮಕ್ಕಳ ಬೆರಳು ಸಲೀಸಾಗಿ ಮುಟ್ಟುತ್ತದೆ. ಮೂಗಿನಿಂದ ಬರುವ ರಕ್ತದಲ್ಲಿ ಹತ್ತರಲ್ಲಿ ಒಂಬತ್ತು ಸಲ ಅಲ್ಲಿಂದಲೇ. ಮೆತ್ತನೆ ಭಾಗ ಎರಡೂ ಕಡೆಯಿಂದ ಹಿಡಿದರೆ ಹೊಳ್ಳೆಯ ಗೋಡೆ ಹೋಗಿ ಸರಿಯಾಗಿ ಆ ಗಾಯದ ಮೇಲೆ ಕೂಡುತ್ತದೆ. ಒಂದೇ ಹೊಳ್ಳೆಯಿಂದ ಬರುತ್ತಿದ್ದರೂ ಎರಡನ್ನೂ ಹಿಡಿಯಿರಿ, ನಡುವಿನ ಗೋಡೆಗೆ ಎರಡು ಕಡೆಯಿಂದಲೂ ಆಸರೆ ಬೇಕು.

ವಾಂತಿಯ ವಿಷಯ. ತಲೆ ಹಿಂದಕ್ಕೆ ಎತ್ತಿದಾಗ ರಕ್ತ ನಿಲ್ಲಲಿಲ್ಲ, ದಾರಿ ಬದಲಿಸಿತು. ಗಂಟಲಿಗೆ ಇಳಿದು ಹೊಟ್ಟೆ ಸೇರಿತು. ಹೊಟ್ಟೆಗೆ ರಕ್ತ ತಡೆಯುವುದಿಲ್ಲ, ಅದಕ್ಕೇ ಹೊರಗೆ ಹಾಕಿತು. ನಾಳೆ ನಾಡಿದ್ದು ಮಲ ಕಪ್ಪಗೆ ಬಂದರೆ ಗಾಬರಿ ಆಗಬೇಡಿ, ಅದೂ ನುಂಗಿದ ರಕ್ತವೇ. ಇನ್ನೂ ಚಿಕ್ಕ ಮಗುವಾಗಿದ್ದರೆ, ಅಥವಾ ಪೆಟ್ಟು ಬಿದ್ದು ಮಂಕಾದವರಾಗಿದ್ದರೆ, ಅದು ಉಸಿರಿನ ದಾರಿಗೂ ಇಳಿಯಬಹುದು. ಮೇಷ್ಟ್ರೇ, ಅಂಗಳದಲ್ಲಿ ಅಂಗಾತ ಮಲಗಿಸುವುದನ್ನು ದಯವಿಟ್ಟು ನಿಲ್ಲಿಸಿ.

ಸಪ್ತಾಪುರದ ಅಪ್ಪ
ಸಿಸ್ಟರ್, ಈಗ ತಿಳಿಯಿತು. ಹೊರಗೆ ಕಮ್ಮಿ ಆಯಿತು ಎಂದು ನಾವು ಖುಷಿಪಟ್ಟಿದ್ದು ಸುಮ್ನೆ. ಒಳಗೆ ನುಂಗುತ್ತಿದ್ದ. ಮಲವೂ ಹೌದು, ನಿನ್ನೆ ಡಾಂಬರಿನ ಹಾಗೆ ಇತ್ತು. ಹೇಳದೇ ಇದ್ದರೆ ಇನ್ನೊಂದು ಸಲ ಆಟೋ ಹಿಡಿಯುತ್ತಿದ್ದೆ.

ಕೇಶ್ವಾಪುರ ಕೇಳುಗಿ
ನನಗೂ ಹೀಗೇ ಆಗಿದೆ. ಹೋದ ವಾರ ಮೂಗು ಚುಚ್ಚಿಸಿದೆ, ಬೊಟ್ಟಿನ ಸುತ್ತ ಸ್ವಲ್ಪ ಸ್ವಲ್ಪ ರಕ್ತ ಬರುತ್ತದೆ. ಅಲ್ಲೂ ಹಿಡಿಯಬೇಕಾ?

ವಿದ್ಯಾನಗರ ವಾಣಿ
ಅಕ್ಕಾ, ಇದು ಬೇರೆ ವಿಷಯ. ಇಲ್ಲಿ ಮೂಗಿನ ಒಳಗಿಂದ ತಾನಾಗೇ ರಕ್ತ ಬರುವುದರ ಬಗ್ಗೆ ಮಾತಾಡುತ್ತಿದ್ದಾರೆ. ನೀವು ಚುಚ್ಚಿದವರಿಗೇ ತೋರಿಸಿ, ಕೀವು ಆಗಿದ್ದರೆ ಡಾಕ್ಟರಿಗೆ.

ಗದಗ ಪಿ.ಟಿ. ಮೇಷ್ಟ್ರು
ಬೇಜಾರೇನಿಲ್ಲ ಸಿಸ್ಟರ್, ಕಲಿಯೋಣ. ಆದರೆ ಒಂದು ಅನುಮಾನ. ಕೆಳಗೆ ಹಿಡಿದರೂ ನಿಲ್ಲದೇ ಇದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಏಳನೇ ಕ್ಲಾಸಿನ ಹುಡುಗ, ಅವನೇ ಹಿಡಿದುಕೊಂಡಿದ್ದ, ಕಾಲು ಗಂಟೆ ಆದರೂ ತೊಟ್ಟಿಕ್ಕುತ್ತಲೇ ಇತ್ತು. ಅದಕ್ಕೇ ಹತ್ತಿ ತುರುಕಿದೆ. ಹತ್ತಿ ಯಾಕೆ ಬೇಡ?

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ಕಾಲು ಗಂಟೆ ಹಿಡಿದುಕೊಂಡಿದ್ದ ಎಂದರೆ ಬಿಡದೇ ಹಿಡಿದುಕೊಂಡಿದ್ದನಾ? ನಾನು ವಾರ್ಡಿನಲ್ಲಿ ಗಡಿಯಾರ ಹಿಡಿದು ನೋಡಿದ್ದೇನೆ. "ಹತ್ತು ನಿಮಿಷ ಹಿಡಿದೆ ಸಿಸ್ಟರ್" ಎನ್ನುವವರು ನಿಜವಾಗಿ ಮೂರು ನಿಮಿಷ ಹಿಡಿದಿರುತ್ತಾರೆ, ಅದರಲ್ಲೂ ನಾಲ್ಕು ಸಲ ಬಿಟ್ಟು ನೋಡಿರುತ್ತಾರೆ. ರಕ್ತ ಕಂಡಾಗ ಒಂದು ನಿಮಿಷ ಹತ್ತು ನಿಮಿಷದ ಹಾಗೆ ಅನಿಸುತ್ತದೆ.

ನಮ್ಮ ಮಾತಿನಲ್ಲೇ ಇದೆ ನೋಡಿ, ರಕ್ತ ಹೆಪ್ಪುಗಟ್ಟುವುದು ಎನ್ನುತ್ತೇವೆ. ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಪಾತ್ರೆ ಅಲ್ಲಾಡಿಸಿದರೆ ಮೊಸರು ಕೂಡುತ್ತದಾ? ಇದೂ ಹಾಗೇ. ಗಾಯದ ಬಾಯಿಗೆ ಮೊದಲು ಒಂದು ಮೆತ್ತನೆ ಮುಚ್ಚಳ ಬರುತ್ತದೆ, ಅದು ಗಟ್ಟಿ ಆಗಲು ಹೊತ್ತು ಬೇಕು. ಬಿಟ್ಟು ನೋಡಿದ ಪ್ರತಿ ಸಲ ಅದು ಕಿತ್ತು ಬರುತ್ತದೆ, ಎಣಿಕೆ ಮತ್ತೆ ಒಂದರಿಂದ ಶುರು. ಹತ್ತಿಯೂ ಅದೇ ಕೆಲಸ ಮಾಡುತ್ತದೆ. ಅದರ ಎಳೆಗಳು ಗಾಯಕ್ಕೆ ಅಂಟಿಕೊಳ್ಳುತ್ತವೆ, ತೆಗೆಯುವಾಗ ಹೆಪ್ಪೂ ಅದರ ಜೊತೆ ಬರುತ್ತದೆ. ಎಷ್ಟೋ ಸಲ ಒಳಗೆ ತುಂಡು ಉಳಿದು, ವಾರದ ಮೇಲೆ ನಾವೇ ಚಿಮಟದಿಂದ ತೆಗೆದದ್ದೂ ಇದೆ.

ಮಾಡುವುದು ಹೀಗೆ. ಕೂಡಿಸಿ. ಮುಂದಕ್ಕೆ ಸ್ವಲ್ಪ ಬಗ್ಗಿಸಿ, ಕೆಳಗೆ ಒಂದು ಬೋಗುಣಿ ಇಡಿ. ಒಳಗೆ ಗಡ್ಡೆ ಇದ್ದರೆ ಒಂದೇ ಸಲ ಮೆಲ್ಲಗೆ ಮೂಗಿನಿಂದ ಊದಿ ತೆಗೆಯಲು ಹೇಳಿ. ಹೆಬ್ಬೆರಳು ತೋರುಬೆರಳಿಂದ ಎಲುಬು ಮುಗಿಯುವ ಕೆಳಗೆ ಎರಡು ಹೊಳ್ಳೆಯನ್ನೂ ಮುಚ್ಚಿ ಹಿಡಿಯಿರಿ. ಉಸಿರು ಬಾಯಿಂದ. ಬಾಯಿಗೆ ಬಂದ ರಕ್ತ ಉಗುಳಬೇಕು, ನುಂಗಬಾರದು. ಮಕ್ಕಳಿಗೆ ಗಡಿಯಾರ ನೋಡಿ ಹತ್ತು ನಿಮಿಷ, ದೊಡ್ಡವರಿಗೆ ಹದಿನೈದು. ನಡುವೆ ಬಿಡಬೇಡಿ. ಆಮೇಲೆ ಬಿಟ್ಟು ನೋಡಿ. ಬರುತ್ತಿದ್ದರೆ ಇನ್ನೊಂದು ಸುತ್ತು, ಅಷ್ಟೇ ಹೊತ್ತು. ಎರಡು ಸುತ್ತು ಸರಿಯಾಗಿ ಹಿಡಿದರೂ ನಿಲ್ಲದಿದ್ದರೆ ಹಿಡಿದುಕೊಂಡೇ ಆಸ್ಪತ್ರೆಗೆ ಹೊರಡಿ.

ಹಾವೇರಿ ಹುಡುಗ
ಹತ್ತು ನಿಮಿಷ ಮೂಗು ಹಿಡಿದರೆ ಯಾವ ರಕ್ತವಾದರೂ ನಿಲ್ಲುತ್ತದೆ. ಉಳ್ಳಾಗಡ್ಡಿ ಮೂಸಿದರೂ ಅಷ್ಟೇ ಹೊತ್ತಿಗೆ ನಿಲ್ಲುತ್ತದೆ. ನಿಮ್ಮದು ವಿಜ್ಞಾನ, ನಮ್ಮದು ಮೂಢನಂಬಿಕೆಯಾ? 😄

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ತಮ್ಮಾ, ಸಣ್ಣ ರಕ್ತ ಏನೂ ಮಾಡದೇ ಇದ್ದರೂ ನಿಲ್ಲುತ್ತದೆ. ಕ್ರೆಡಿಟ್ ಉಳ್ಳಾಗಡ್ಡಿಗೆ ಹೋಗುತ್ತದೆ, ಅಷ್ಟೇ. ಒಂದು ಮಾತ್ರ ನೋಡು, ಖಾರದ ವಾಸನೆಗೆ ಸೀನು ಬಂದರೆ ಹೆಪ್ಪು ಹಾರಿ ಹೋಗುತ್ತದೆ.

ನವನಗರದವಳು
ಐಸ್ ಇಡಬಹುದಾ? ನಮ್ಮ ಫ್ಲಾಟಿನ ಡಾಕ್ಟರ್ ಆಂಟಿ ಇಡು ಎನ್ನುತ್ತಾರೆ, ಇನ್ನೊಬ್ಬರು ಪ್ರಯೋಜನ ಇಲ್ಲ ಎನ್ನುತ್ತಾರೆ.

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ಇಬ್ಬರದ್ದೂ ನಡೆಯುತ್ತದೆ. ಬಟ್ಟೆಯಲ್ಲಿ ಸುತ್ತಿ ಮೂಗಿನ ಮೇಲೆ, ಕೆನ್ನೆಗೆ ಇಟ್ಟರೆ ಕೆಡುಕಿಲ್ಲ, ಆದರೆ ಅದರಿಂದ ಬೇಗ ನಿಲ್ಲುತ್ತದೆ ಎನ್ನುವ ಗಟ್ಟಿ ಪುರಾವೆ ಇಲ್ಲ. ನಮ್ಮ ವಾರ್ಡಿನಲ್ಲೇ ಇಬ್ಬರು ಡಾಕ್ಟರು ಇದರ ಮೇಲೆ ಜಗಳ ಆಡುತ್ತಿದ್ದರು. ಐಸ್ ತರಲು ಎಂದು ಮೂಗು ಬಿಟ್ಟು ಫ್ರಿಜ್‌ಗೆ ಓಡಬೇಡಿ, ಅದೊಂದೇ.

ವಿದ್ಯಾನಗರ ವಾಣಿ
ನಮ್ಮ ಮಾವನವರದ್ದು ಹೇಳಲೇಬೇಕು. ಯಾಕೆಂದರೆ ಸರಿಯಾಗಿ ಹಿಡಿದರೂ ನಿಲ್ಲದ ರಕ್ತ ಹೇಗಿರುತ್ತದೆ ಎಂದು ನಾನು ನೋಡಿದ್ದು ಆ ರಾತ್ರಿ.

ಮಾವನಿಗೆ 71. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಗುಳಿಗೆ ದಿನಾ ತೆಗೆದುಕೊಳ್ಳುತ್ತಾರೆ. ರಾತ್ರಿ ಹನ್ನೊಂದಕ್ಕೆ ಶುರುವಾಯಿತು. ನಾನು ಮೆತ್ತನೆ ಭಾಗವನ್ನೇ ಹಿಡಿದೆ, ಮುಂದಕ್ಕೆ ಬಗ್ಗಿಸಿದೆ, ಮೊಬೈಲಿನಲ್ಲಿ ಟೈಮರ್ ಇಟ್ಟೆ. ಮುಂದಿನಿಂದ ಒಂದು ಹನಿ ಇಲ್ಲ. ಆದರೆ ಮಾವ ಗುಟುಕು ಗುಟುಕು ನುಂಗುತ್ತಲೇ ಇದ್ದರು. ಗಂಟಲಿನ ಎಲುಬು ಮೇಲೆ ಕೆಳಗೆ, ಮೇಲೆ ಕೆಳಗೆ. ಬಾಯಿ ತೆಗೆಸಿ ಟಾರ್ಚ್ ಹಾಕಿದೆ. ಕಿರುನಾಲಿಗೆಯ ಹಿಂದೆ ಕೆಂಪು ದಾರದ ಹಾಗೆ ರಕ್ತ ಇಳಿಯುತ್ತಿತ್ತು.

108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಮೂಗಿನ ಹಿಂಭಾಗದವರೆಗೆ ಪ್ಯಾಕ್ ಹಾಕಿದರು. ಎರಡು ದಿನ ಅಡ್ಮಿಟ್. ಡಾಕ್ಟರ್ ಹೇಳಿದ್ದು, ಈ ರಕ್ತ ಹಿಂದೆ ಇರುವ ದೊಡ್ಡ ನಾಳದ್ದು, ನೀವು ಎಷ್ಟು ಚೆನ್ನಾಗಿ ಹಿಡಿದರೂ ನಿಮ್ಮ ಬೆರಳು ಅಲ್ಲಿಗೆ ಮುಟ್ಟುವುದಿಲ್ಲ ಎಂದು.

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ವಾಣಿ, ಸರಿಯಾಗಿ ನೋಡಿದ್ದೀರಿ. ಹಿಡಿದಾಗಲೂ ನುಂಗುತ್ತಲೇ ಇದ್ದರೆ ಹಿಂದಿನಿಂದ ಬರುತ್ತಿದೆ ಎಂದು ಅನುಮಾನ ಪಡಬೇಕು, ಜಾಸ್ತಿ ವಯಸ್ಸಾದವರಲ್ಲಿ ಇದು. ಅಂಥವರಿಗೆ ಎರಡು ಸುತ್ತಿನ ಲೆಕ್ಕ ಇಲ್ಲ, ತಕ್ಷಣ ಹೊರಡಬೇಕು. ರಕ್ತ ತೆಳು ಮಾಡುವ ಗುಳಿಗೆ ಇರುವವರೂ ಅಷ್ಟೇ, ಹದಿನೈದು ನಿಮಿಷಕ್ಕೆ ನಿಲ್ಲದಿದ್ದರೆ ಕಾಯಬೇಡಿ. ಗುಳಿಗೆ ಚೀಟಿಯನ್ನು ಜೊತೆಗೆ ಒಯ್ಯಿರಿ. ನೀವೇ ಗುಳಿಗೆ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಂಡರೆ ಅದು ಮೂಗಿನ ರಕ್ತಕ್ಕಿಂತ ದೊಡ್ಡ ಅಪಾಯ.

ಗದಗ ಪಿ.ಟಿ. ಮೇಷ್ಟ್ರು
ನೋಡಿದ್ರಾ, ಅವರದ್ದು ಬಿ.ಪಿ. ಇರಬೇಕು. ಬಿ.ಪಿ. ಏರಿದರೆ ಮೂಗಿನಿಂದ ರಕ್ತ ಬರುತ್ತದೆ, ಮೆದುಳಿಗೆ ಹೋಗುವುದು ಮೂಗಿನಲ್ಲಿ ಬಂತು, ಒಳ್ಳೆಯದೇ ಆಯಿತು ಎಂದು ನಮ್ಮ ತಂದೆ ಹೇಳುತ್ತಿದ್ದರು.

ವಿದ್ಯಾನಗರ ವಾಣಿ
ಬಿ.ಪಿ. ಜಾಸ್ತಿಯೇ ಇತ್ತು ಸರ್, 180 ತೋರಿಸಿತು. ನಮ್ಮ ಯಜಮಾನರು ಅರ್ಧ ಗುಳಿಗೆ ಜಾಸ್ತಿ ಕೊಡಲು ಹೋಗಿದ್ದರು, ನಾನೇ ತಡೆದೆ.

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ತಡೆದದ್ದು ಒಳ್ಳೆಯದು. ರಕ್ತ ಕಂಡ ಗಾಬರಿಗೇ ಬಿ.ಪಿ. ಏರುತ್ತದೆ. ಹಾಗಾಗಿ ಆ ಹೊತ್ತಿನ 180 ನೋಡಿ ಅದೇ ಕಾರಣ ಎಂದು ಹೇಳಲಾಗುವುದಿಲ್ಲ. ಬಿ.ಪಿ. ಜಾಸ್ತಿ ಇದ್ದರೆ ನಿಲ್ಲುವುದು ಕಷ್ಟ ಆಗುತ್ತದೆ, ಅದು ಹೌದು. ಆದರೆ ಮೆದುಳಿಗೆ ಹೋಗುವುದು ಮೂಗಿಗೆ ಬಂತು ಎನ್ನುವುದು ಮಾತ್ರ ಇಲ್ಲ ಮೇಷ್ಟ್ರೇ, ಎರಡಕ್ಕೂ ಹಾಗೆ ಕೊಡು-ತಗೋ ಇಲ್ಲ.

ನಿಮ್ಮ ಮೈದಾನಕ್ಕೆ ಒಂದು ಮಾತು, ಇದನ್ನು ಮರೆಯಬೇಡಿ. ಮೊಣಕೈ ಬಡಿದ ಹುಡುಗನಿಗೆ ರಕ್ತ ನಿಂತರೂ ಕೆಲಸ ಮುಗಿಯಲಿಲ್ಲ. ಅದೇ ದಿನ ಅಥವಾ ಮರುದಿನ "ಎರಡೂ ಮೂಗು ಕಟ್ಟಿದೆ, ಉಸಿರಾಡಲು ಆಗುತ್ತಿಲ್ಲ, ನೋವು ಜಾಸ್ತಿ ಆಗುತ್ತಿದೆ" ಎಂದರೆ ನೆಗಡಿ ಎಂದು ಬಿಡಬೇಡಿ. ನಡುವಿನ ಗೋಡೆಯ ಒಳಗೆ ರಕ್ತ ತುಂಬಿ ಉಬ್ಬಿರಬಹುದು. ಅದನ್ನು ಬೇಗ ತೆಗೆಸದಿದ್ದರೆ ಗೋಡೆ ಕೊಳೆತು ಮೂಗು ಕುಸಿಯುತ್ತದೆ. ತಲೆಗೆ ಪೆಟ್ಟಾದ ಮೇಲೆ ಮೂಗಿನಿಂದ ತಿಳಿ ನೀರು ಹನಿದರೂ ನೇರ ಆಸ್ಪತ್ರೆ.

ಗದಗ ಪಿ.ಟಿ. ಮೇಷ್ಟ್ರು
ಇದು ನಿಜಕ್ಕೂ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಒಬ್ಬ ಹುಡುಗ "ಸರ್ ಮೂಗು ಕಟ್ಟೇತ್ರಿ" ಎಂದು ಮೂರು ದಿನ ಹೇಳುತ್ತಿದ್ದ. ಶೀತ ಎಂದು ನಾನೇ ಬೈದಿದ್ದೆ. ಅವನದ್ದು ಸರಿಹೋಯಿತು, ಆದರೆ ಈಗ ನೆನೆದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ರಾಣೆಬೆನ್ನೂರು ರೈತ
ನಮ್ಮ ಮೂರು ವರ್ಷದ ಮಗಳಿಗೆ ಬಲಗಡೆ ಒಂದೇ ಹೊಳ್ಳೆಯಿಂದ ಹತ್ತು ದಿನ ರಕ್ತ ಕಲೆತ ಸಿಂಬಳ ಬಂತು. ಹತ್ತಿರ ಹೋದರೆ ನಾತ. ಶೀತದ ಔಷಧಿ ಎರಡು ಬಾಟಲಿ ಮುಗಿಸಿದೆವು. ಕೊನೆಗೆ ನೋಡಿದರೆ ಒಳಗೆ ಗೋವಿನಜೋಳದ ಕಾಳು, ಉಬ್ಬಿ ಕೂತಿತ್ತು. ರಾಶಿ ಮಾಡುವಾಗ ಆಡುತ್ತಾ ತುರುಕಿಕೊಂಡಿದ್ದಾಳೆ. ಡಾಕ್ಟರ್ ಒಂದು ಕೊಕ್ಕೆಯಿಂದ ಅರ್ಧ ನಿಮಿಷದಲ್ಲಿ ತೆಗೆದರು. ನಾನು ಮನೆಯಲ್ಲಿ ಪಿನ್ನಿಂದ ತೆಗೆಯಲು ಹೋಗಿದ್ದೆ, ಬೈಸಿಕೊಂಡೆ.

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ಬೈದದ್ದು ಕಮ್ಮಿ ಆಯಿತು. ಕಾಳಿನ ಬದಲು ಆಟಿಕೆಯ ಗುಂಡಗಿನ ಬಟನ್ ಸೆಲ್ ಇದ್ದಿದ್ದರೆ ಕೆಲವು ಗಂಟೆಯಲ್ಲೇ ಒಳಗೆ ಸುಟ್ಟು ತೂತು ಮಾಡುತ್ತಿತ್ತು.

ಸಪ್ತಾಪುರದ ಅಪ್ಪ
ಎಂಟು ದಿನದ ಮೇಲೆ ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಮತ್ತೆ ಬಂತು, ಶಾಲೆಗೆ ರೆಡಿ ಆಗುವಾಗ. ಈ ಸಲ ಬಚ್ಚಲ ಕಟ್ಟೆ ಮೇಲೆ ಕೂಡಿಸಿ ಮುಂದೆ ಬಗ್ಗಿಸಿದೆ, ಮೆತ್ತನೆ ಕಡೆ ಹಿಡಿದೆ. 7.40ಕ್ಕೆ ಹಿಡಿದದ್ದು. ನಮ್ಮವ್ವ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು, "ತಲಿ ಮ್ಯಾಲ ಮಾಡಿಸೋ" ಎಂದು ಮೂರು ಸಲ ಹೇಳಿದಳು. ನಾಲ್ಕನೇ ನಿಮಿಷಕ್ಕೆ ಬಿಟ್ಟು ನೋಡಬೇಕು ಎಂದು ಕೈ ತುಡಿಯಿತು, ಬಿಡಲಿಲ್ಲ. ನಿಜ ಹೇಳಬೇಕೆಂದರೆ ಆ ಹತ್ತು ನಿಮಿಷ ಬಹಳ ಉದ್ದ. ಬೆರಳು ಜೋಮು ಹಿಡಿಯಿತು. 7.50ಕ್ಕೆ ಬಿಟ್ಟರೆ ನಿಂತಿತ್ತು. ವಾಂತಿ ಇಲ್ಲ, ಏನಿಲ್ಲ.

ವಾರದಲ್ಲಿ ಎರಡು ಸಲ ಆಯಿತಲ್ಲ ಎಂದು ಸಂಜೆ ಇಎನ್‌ಟಿ ಡಾಕ್ಟರಿಗೆ ತೋರಿಸಿದೆ. ಬೆಳಕು ಹಾಕಿ ನೋಡಿ, ಎಡಗಡೆ ಗೋಡೆಯ ಮುಂದೆ ಒಂದು ಒಣ ಹಕ್ಕಳೆ, ಅದರ ಪಕ್ಕ ಕೂದಲೆಳೆಯಂಥ ನಾಳ ಇದೆ ಎಂದರು. ಹುಡುಗನ ಬಲಗೈ ತೋರುಬೆರಳಿನ ಉಗುರು ನೋಡಿ ನಕ್ಕರು. ಉಗುರು ಕತ್ತರಿಸಿ, ದಿನಕ್ಕೆ ಎರಡು ಸಲ ಒಳಗೆ ಮುಂಭಾಗಕ್ಕೆ ವ್ಯಾಸಲೀನ್ ತೆಳುವಾಗಿ ಹಚ್ಚಿ, ರಕ್ತ ನಿಂತ ಮೇಲೆ ಒಂದು ದಿನ ಮೂಗು ಊದುವುದು ತಿವಿಯುವುದು ಬೇಡ ಎಂದರು. ಮತ್ತೆ ಮತ್ತೆ ಬಂದರೆ ನಾಳವನ್ನು ಔಷಧಿ ಕಡ್ಡಿಯಿಂದ ಸುಡಬಹುದಂತೆ. ಅದು ಬೇಕಾ ಸಿಸ್ಟರ್?

ನವನಗರದವಳು
ನಮ್ಮ ಅಕ್ಕನ ಮಗನಿಗೆ ಸುಟ್ಟರು, ಆರು ತಿಂಗಳ ಮೇಲೆ ಮತ್ತೆ ಬಂತು. ದುಡ್ಡು ದಂಡ. ಕೊಬ್ಬರಿ ಎಣ್ಣೆ ಹಚ್ಚಿ ಸಾಕು.

ನಿವೃತ್ತ ಸಿಸ್ಟರ್, ಹುಬ್ಬಳ್ಳಿ
ಕೆಲವರಿಗೆ ಸುಟ್ಟರೆ ನಿಲ್ಲುತ್ತದೆ, ಕೆಲವರಿಗೆ ತಿರುಗಿ ಬರುತ್ತದೆ, ಅದು ನಿಜ. ಮೊದಲು ಒಂದು ತಿಂಗಳು ವ್ಯಾಸಲೀನ್ ಹಚ್ಚಿ ನೋಡಿ, ಹೆಚ್ಚಿನ ಮಕ್ಕಳಿಗೆ ಅಷ್ಟು ಸಾಕಾಗುತ್ತದೆ. ಸುಡುವುದಾದರೆ ಒಂದು ಸಲಕ್ಕೆ ಒಂದೇ ಕಡೆ ಎಂದು ಕೇಳಿಕೊಳ್ಳಿ. ಎರಡು ಕಡೆಯಿಂದಲೂ ಒಟ್ಟಿಗೆ ಸುಟ್ಟರೆ ನಡುವಿನ ಗೋಡೆ ತೂತಾಗುವ ಭಯ ಇದೆ. ಮೈ ಮೇಲೆ ಪೆಟ್ಟಿಲ್ಲದೇ ನೀಲಿ ಕಲೆ ಕಂಡರೆ, ಹಲ್ಲಿನ ಒಸಡಿನಿಂದಲೂ ರಕ್ತ ಬಂದರೆ, ಅಥವಾ ಜ್ವರದ ಜೊತೆ ಬಂದರೆ ಹಕ್ಕಳೆ ಎಂದು ಕೂಡಬೇಡಿ, ಅದೇ ದಿನ ತೋರಿಸಿ. ನಮ್ಮ ಕಡೆ ಮಳೆಗಾಲದಲ್ಲಿ ಡೆಂಗ್ಯೂ ಇದ್ದೇ ಇರುತ್ತದೆ. ಜ್ವರಕ್ಕೆ ಆಗ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಕೊಡಬೇಡಿ.

ಮತ್ತೆ, ಸರಿಯಾದ ಜಾಗ ಹಿಡಿದಿದ್ದೇವಾ ಎಂದು ತಿಳಿಯಲು ಒಂದು ಉಪಾಯ. ರಕ್ತ ಇಲ್ಲದಾಗ ನಿಮ್ಮ ಮೂಗಿನ ಮೇಲೇ ಮಾಡಿ ನೋಡಿ. ಬಾಯಿ ಮುಚ್ಚಿ "ಮ್‌ಮ್‌ಮ್" ಎಂದು ಎಳೆಯಿರಿ. ಕನ್ನಡಕದ ಜಾಗ ಹಿಡಿದರೆ ದನಿ ಹಾಗೇ ಓಡುತ್ತದೆ. ಮೆತ್ತನೆ ಭಾಗ ಸರಿಯಾಗಿ ಹಿಡಿದರೆ ದನಿ ಕಟ್ಟಾಗುತ್ತದೆ.

ಸಪ್ತಾಪುರದ ಅಪ್ಪ
ಮನೆಯಲ್ಲಿ ಎಲ್ಲರೂ ಮೂಗು ಹಿಡಿದು "ಮ್‌ಮ್‌ಮ್" ಎನ್ನುತ್ತಿದ್ದೇವೆ. ನಮ್ಮವ್ವ ಕೂಡ. ತಂಬಿಗೆ ಮಾತ್ರ ಇನ್ನೂ ಕೆಳಗಿಟ್ಟಿಲ್ಲ.

ಹಾವೇರಿ ಹುಡುಗ
ನಾನೂ ಮಾಡಿ ನೋಡಿದೆ, ಕಟ್ಟಾಯಿತು. ಸರಿ, ಒಪ್ಪಿದೆ. ಆದರೆ ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯಲ್ಲಿ ಗಡಿಯಾರ. ಉಳ್ಳಾಗಡ್ಡಿ ಯಾರು ಜಜ್ಜಬೇಕು?

ವಿದ್ಯಾನಗರ ವಾಣಿ
ರಾತ್ರಿ ರೊಟ್ಟಿ ಜೊತೆ ತಿನ್ನಲು ಜಜ್ಜಿ ಅಣ್ಣಾ.